18 ಹುಡುಗಿಯರು, 8 ಲೇನ್

ನಾನು ಬೆಂಗಳೂರು ದಕ್ಷಿಣದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮಗಳು ಈಜುತ್ತಾಳೆ. ಈ ಎರಡೂ ವಿಷಯ ಗೊತ್ತಿದ್ದ ನಮ್ಮ ಪಿ.ಟಿ. ಮೇಷ್ಟ್ರು ಆವತ್ತು ಸ್ಟಾಫ್ ರೂಮಿಗೆ ಬಂದು, "ಮೇಡಂ, ಈ ಸಲ ಜಿಲ್ಲಾ ಮಟ್ಟದ ಶಾಲಾ ಈಜು ಸ್ಪರ್ಧೆ ನಡೆಸುವುದು ನಮ್ಮ ಪಾಲಿಗೆ ಬಂದಿದೆ. ಹೀಟ್ ಶೀಟ್ ನೀವು ಮಾಡಿಕೊಡಿ, ಲೆಕ್ಕದ ಕೆಲಸ ತಾನೇ" ಅಂದರು. ಒಪ್ಪಿಕೊಂಡೆ. ಪ್ರತಿ ಮಗು ಹಿಂದೆ ಈಜಿದ್ದು ಅಂತ ಶಾಲೆ ಕಳಿಸುವ ಎಂಟ್ರಿ ಟೈಮ್ ನೋಡಿ ಕಡಿಮೆಯಿಂದ ಜಾಸ್ತಿಗೆ ಜೋಡಿಸಿ, ಎಂಟೆಂಟು ಮಕ್ಕಳನ್ನು ಒಂದೊಂದು ಹೀಟಿಗೆ, ಅಂದರೆ ಒಟ್ಟಿಗೆ ನೀರಿಗಿಳಿಯುವ ಗುಂಪಿಗೆ, ಹಾಕಿದರೆ ಆಯಿತು, ಅಷ್ಟೇ ಅಲ್ವಾ ಅಂತ ಆಗ ನನಗೆ ಅನಿಸಿತ್ತು.

ಸ್ಪರ್ಧೆ ಶನಿವಾರ. ಎಂಟ್ರಿ ಕಳಿಸಲು ಬುಧವಾರ ಕೊನೆ ದಿನ. ಅದೇನೋ ಕೊನೆ ದಿನ, ಆದರೆ ಗುರುವಾರ ರಾತ್ರಿಯವರೆಗೂ ವಾಟ್ಸ್ಆ್ಯಪ್‌ನಲ್ಲಿ ಫಾರಂಗಳು ಬರುತ್ತಲೇ ಇದ್ದವು. ಕೆಲವರು ಟೈಪ್ ಮಾಡಿ ಕಳಿಸಿದ್ದರು. ಕೆಲವರು ಕೈಯಲ್ಲಿ ಬರೆದ ಹಾಳೆಯ ಫೋಟೋ ಕಳಿಸಿದ್ದರು. ಟೈಮ್ ಬರೆಯುವ ರೀತಿ ಒಂದೊಂದು ಶಾಲೆಗೆ ಒಂದೊಂದು. ಒಂದು ನಿಮಿಷ ಹದಿಮೂರು ಸೆಕೆಂಡನ್ನು ಒಬ್ಬರು 1:13 ಅಂತ ಬರೆದರೆ, ಇನ್ನೊಬ್ಬರು 1.13.00 ಅಂತ, ಮತ್ತೊಬ್ಬರು 73 ಅಂತ ಬರೆದಿದ್ದರು.

ಎಲ್ಲವನ್ನೂ ಇದ್ದ ಹಾಗೇ ಎಕ್ಸೆಲ್‌ಗೆ ಹಾಕಿ ಜೋಡಿಸಿದೆ. 17 ವರ್ಷದೊಳಗಿನ ಹುಡುಗರ 100 ಮೀಟರ್ ಫ್ರೀಸ್ಟೈಲ್ ಪಟ್ಟಿ ತೆರೆದರೆ, 58.90 ಸೆಕೆಂಡಿನ ಹುಡುಗ ಎಲ್ಲರಿಗಿಂತ ಕೆಳಗೆ ಕೂತಿದ್ದ. ಆ ಪಟ್ಟಿಯಲ್ಲಿ ಒಂದು ನಿಮಿಷದೊಳಗೆ ಈಜುವವನು ಅವನೊಬ್ಬನೇ. ಜೋಡಣೆಯಲ್ಲಿ ಏನೋ ತಪ್ಪಿದೆ ಅಂತ ತಕ್ಷಣ ಗೊತ್ತಾಯಿತು, ಯಾಕೆ ಅಂತ ತಿಳಿಯಲು ಅರ್ಧ ಗಂಟೆ ಹಿಡಿಯಿತು. 1:05.20 ಅಂತ ಹೊಡೆದರೆ ಎಕ್ಸೆಲ್ ಅದನ್ನು ಒಂದು ನಿಮಿಷ ಐದು ಸೆಕೆಂಡು ಚಿಲ್ಲರೆ ಅಂತ ಸರಿಯಾಗಿಯೇ ಓದುತ್ತದೆ. ಬರೀ 1:05 ಅಂತ ಹೊಡೆದರೆ ಒಂದು ಗಂಟೆ ಐದು ನಿಮಿಷ ಅಂದುಕೊಳ್ಳುತ್ತದೆ. 58.90 ಅದಕ್ಕೆ ಸಮಯವೇ ಅಲ್ಲ, ಒಂದು ಮಾಮೂಲಿ ಸಂಖ್ಯೆ. ಎಕ್ಸೆಲ್ ಒಳಗೆ ಒಂದು ಪೂರ್ತಿ ದಿನವನ್ನು 1 ಅಂತ ಲೆಕ್ಕ ಹಾಕುವುದರಿಂದ ಆ ಹುಡುಗನ ಟೈಮ್ 58 ದಿನಕ್ಕೂ ಜಾಸ್ತಿ ಆಗಿಬಿಟ್ಟಿತ್ತು. ಅದಕ್ಕೇ ಅವನು ಕೊನೆಗೆ ಹೋಗಿದ್ದ.

ಹಾಗಾಗಿ ನಿಮಿಷಕ್ಕೆ ಒಂದು ಕಾಲಂ, ಸೆಕೆಂಡಿಗೆ ಇನ್ನೊಂದು ಕಾಲಂ ಮಾಡಿ, ಎಲ್ಲವನ್ನೂ ಸೆಕೆಂಡಿಗೆ ತಂದೆ. ಅಲ್ಲಿ ಇನ್ನೊಂದು ತೊಂದರೆ ಎದುರಾಯಿತು. ಟೈಮ್ ಕೊಡದ ಮಕ್ಕಳ ಎರಡೂ ಕಾಲಂ ಖಾಲಿ, ಅಂದರೆ ಮೊತ್ತ ಸೊನ್ನೆ. ಸೊನ್ನೆ ಸೆಕೆಂಡು ಎಲ್ಲರಿಗಿಂತ ಕಡಿಮೆ, ಹಾಗಾಗಿ ಅವರು ಪಟ್ಟಿಯ ತಲೆಗೆ ಏರಿ ಕೂತರು. ಟೈಮ್ ಕೊಡದವರನ್ನು ಎಲ್ಲರಿಗಿಂತ ನಿಧಾನ ಅಂತ ಎಣಿಸಿ ಕೊನೆಗೆ ಹಾಕಬೇಕು ಅನ್ನುವುದು ಈಜಿನ ನಿಯಮ. ಅದಕ್ಕೆ ಸೂತ್ರವನ್ನು ಹೀಗೆ ಬರೆದೆ:

```
=IF(C2+D2=0, 999, C2*60+D2)
```

C ಅಂದರೆ ನಿಮಿಷ, D ಅಂದರೆ ಸೆಕೆಂಡು. ಖಾಲಿ ಬಿಟ್ಟವರಿಗೆ 999 ಸಿಕ್ಕಿ ಅವರು ತಾವಾಗಿಯೇ ಕೆಳಗೆ ಬಂದರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಪಟ್ಟಿಗಳೂ ನೆಟ್ಟಗಾದವು.

ಇನ್ನು ಹೇಳುವುದೆಲ್ಲ ಒಂದೇ ಸ್ಪರ್ಧೆಯ ಬಗ್ಗೆ. 14 ವರ್ಷದೊಳಗಿನ ಹುಡುಗಿಯರ 100 ಮೀಟರ್ ಫ್ರೀಸ್ಟೈಲ್. ನಾನು ಏನಾದರೂ ಕಲಿತಿದ್ದರೆ ಅದರಿಂದಲೇ.

ಅದಕ್ಕೆ 18 ಹುಡುಗಿಯರ ಹೆಸರು ಬಂದಿತ್ತು. 15 ಜನರಿಗೆ ಟೈಮ್ ಇತ್ತು. ಮೂವರಿಗೆ ಇರಲಿಲ್ಲ. ಇಂಥವರನ್ನು ಎಲ್ಲರೂ 'ನೋ ಟೈಮ್' ಅನ್ನುವುದನ್ನು ಚಿಕ್ಕದು ಮಾಡಿ 'ಎನ್‌ಟಿ' ಅಂತಲೇ ಕರೆಯುತ್ತಾರೆ. ಪಟ್ಟಿಯ ಮೊದಲ ಮೂವರ ಟೈಮ್ 1:04.80, 1:06.10, 1:07.55. ಕೊಳ 50 ಮೀಟರ್ ಉದ್ದ, 8 ಲೇನ್. 18 ಜನ ಅಂದರೆ ಮೂರು ಹೀಟ್ ಬೇಕೇ ಬೇಕು.

ನಾನು ನಿಯಮದ ಪುಸ್ತಕ ಓದಿಕೊಂಡಿದ್ದೆ. ಮೂರು ಹೀಟ್ ಇದ್ದರೆ ಎಲ್ಲರಿಗಿಂತ ವೇಗದವಳು ಮೂರನೇ ಹೀಟಿಗೆ, ಎರಡನೆಯವಳು ಎರಡನೇ ಹೀಟಿಗೆ, ಮೂರನೆಯವಳು ಮೊದಲನೇ ಹೀಟಿಗೆ, ನಾಲ್ಕನೆಯವಳು ಮತ್ತೆ ಮೂರನೇ ಹೀಟಿಗೆ. ಇಸ್ಪೀಟ್ ಎಲೆ ಹಂಚಿದ ಹಾಗೆ ಸುತ್ತು ಹಾಕುತ್ತಾ ಹೋಗುವುದು. ಇದಕ್ಕೆ ಸರ್ಕಲ್ ಸೀಡಿಂಗ್ ಅನ್ನುತ್ತಾರೆ. ಹಾಗೆಯೇ ಹಂಚಿದೆ. ಮೂರೂ ಹೀಟಿಗೆ ಆರಾರು ಜನ ಬಂದರು. ಪ್ರತಿ ಹೀಟಿನ ನಾಲ್ಕನೇ ಲೇನಿನಲ್ಲಿ ಒಬ್ಬಳು ಜೋರು ಹುಡುಗಿ, ಏಳನೇ ಲೇನಿನಲ್ಲಿ ಒಬ್ಬಳು ಎನ್‌ಟಿ ಹುಡುಗಿ. ನೋಡಲು ಎಷ್ಟು ಸಮನಾಗಿತ್ತು ಅಂದರೆ, ನನಗೆ ನಿಜವಾಗಿ ಖುಷಿಯಾಯಿತು.

ಸಂಜೆ ಐದಕ್ಕೆ ರೆಫರಿ ಸರ್ ಬಂದರು. ಎಷ್ಟೋ ವರ್ಷದಿಂದ ಈಜು ಸ್ಪರ್ಧೆಗಳಲ್ಲಿ ನಿಂತವರು. ಕಾಫಿ ಲೋಟ ಕೈಯಲ್ಲಿ ಹಿಡಿದು ಹೀಟ್ ಶೀಟ್ ಮೇಲೆ ಕಣ್ಣಾಡಿಸಿದರು. ಈ ಸ್ಪರ್ಧೆ ಬಂದಾಗ ನಿಂತರು.

"ಮೇಡಂ, ಇದಕ್ಕೆ ಸಂಜೆ ಫೈನಲ್ ಇದೆಯಾ?"

"ಇಲ್ಲ ಸರ್. ಟೈಮಿಂಗ್ ಮೇಲೆ ಡೈರೆಕ್ಟ್ ಪದಕ. ಒಂದೇ ದಿನದಲ್ಲಿ ಮುಗಿಸಬೇಕಲ್ಲ."

"ಹಾಗಾದರೆ ಈ ಮೊದಲ ಮೂರು ಹುಡುಗಿಯರು ಒಬ್ಬರನ್ನೊಬ್ಬರು ನೀರಿನಲ್ಲಿ ನೋಡುವುದೇ ಇಲ್ಲವಲ್ಲ?"

ಅವರು ಕಾಗದದ ಮೇಲೆ ಬೆರಳಿಟ್ಟರು. 1:04.80 ಮೂರನೇ ಹೀಟ್, 1:06.10 ಎರಡನೇ ಹೀಟ್, 1:07.55 ಮೊದಲನೇ ಹೀಟ್. ಮೂವರೂ ನಾಲ್ಕನೇ ಲೇನ್. ಮೂವರೂ ತಮ್ಮ ತಮ್ಮ ಹೀಟಿನಲ್ಲಿ ಮುಂದೆ. ಪದಕಕ್ಕಾಗಿ ಪೈಪೋಟಿ ಇವರ ನಡುವೆಯೇ ಇರುವುದು. ಆದರೆ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜನರ ಜೊತೆ ಈಜಿ, ಯಾರು ಗೆದ್ದರು ಅನ್ನುವುದನ್ನು ಕೊನೆಗೆ ಸ್ಟಾಪ್‌ವಾಚ್ ಹೇಳಬೇಕು.

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಸುತ್ತು ಹಂಚುವುದು ಬೆಳಿಗ್ಗೆ ಹೀಟ್ಸ್, ಸಂಜೆ ಫೈನಲ್ ಇದ್ದಾಗ. ಅಲ್ಲಿ ಹೀಟಿನ ಕೆಲಸ ಎಂಟು ಜನರನ್ನು ಆರಿಸುವುದು, ಅಷ್ಟೇ. ಯಾವ ಹೀಟಿಗೆ ಬಿದ್ದರೂ ಪಕ್ಕದಲ್ಲಿ ಜೊತೆಗಾರರು ಹೆಚ್ಚುಕಡಿಮೆ ಒಂದೇ ಮಟ್ಟದವರಾಗಿರಲಿ, ಒಂದು ಹೀಟ್ ಭಾರ ಇನ್ನೊಂದು ಹಗುರ ಆಗದಿರಲಿ ಅಂತ ಹಂಚುತ್ತಾರೆ. ಜೋರು ಈಜುಗಾರರು ಎದುರಾಗುವುದು ಸಂಜೆ ಫೈನಲ್‌ನಲ್ಲಿ. ಆದರೆ ಫೈನಲ್ಲೇ ಇಲ್ಲದಿದ್ದರೆ ಹೀಟೇ ಫೈನಲ್. ಆಗ ಮೇಲಿನ ಎಂಟು ಜನರನ್ನು ಒಟ್ಟಿಗೆ ಕೊನೆಯ ಹೀಟಿಗೆ ಹಾಕಬೇಕು, ಅವರ ಕೆಳಗಿನವರನ್ನು ಅದರ ಹಿಂದಿನ ಹೀಟಿಗೆ. ನಿಧಾನದ ಹೀಟ್ ಮೊದಲು, ವೇಗದ ಹೀಟ್ ಕೊನೆಗೆ.

"ಕೈಯಲ್ಲಿ ವಾಚ್ ಹಿಡಿದು ಟೈಮ್ ತೆಗೆಯುವ ಕಡೆ ಇದು ಇನ್ನೂ ಮುಖ್ಯ" ಅಂದರು. "ಪಕ್ಕಪಕ್ಕ ಈಜಿದರೆ ಯಾರು ಮೊದಲು ಗೋಡೆ ಮುಟ್ಟಿದರು ಅಂತ ಕಣ್ಣಿಗೆ ಕಾಣುತ್ತೆ. ಬೇರೆ ಬೇರೆ ಹೀಟಾದರೆ ವಾಚ್ ಹಿಡಿದವರ ಹೆಬ್ಬೆರಳನ್ನೇ ನಂಬಬೇಕು."

ಈ ಮಾತು ನನ್ನ ತಲೆಯಲ್ಲಿ ಉಳಿಯಿತು. ಮರುದಿನ ಅದೇ ಮಾತು ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಮತ್ತೆ ಮೊದಲಿನಿಂದ ಕೂತೆ. ಮೇಲಿನ ಎಂಟು ಜನ ಮೂರನೇ ಹೀಟ್. ಮುಂದಿನ ಎಂಟು ಜನ ಎರಡನೇ ಹೀಟ್. ಉಳಿದವರು ಇಬ್ಬರು. ಇಲ್ಲಿ ಇನ್ನೊಂದು ನಿಯಮ ಅಡ್ಡ ಬಂತು. ಒಂದಕ್ಕಿಂತ ಹೆಚ್ಚು ಹೀಟ್ ಇದ್ದರೆ, ಪಟ್ಟಿ ಮಾಡುವಾಗ ಯಾವ ಹೀಟಿನಲ್ಲೂ ಮೂವರಿಗಿಂತ ಕಡಿಮೆ ಜನ ಇರಬಾರದು. ಆಮೇಲೆ ಯಾರಾದರೂ ಬರದೆ ಹೋಗಿ ಕಡಿಮೆಯಾದರೆ ಅದು ಬೇರೆ ಮಾತು. ಹಾಗಾಗಿ ಎರಡನೇ ಹೀಟಿನ ಕೊನೆಯವಳನ್ನು ಮೊದಲನೇ ಹೀಟಿಗೆ ಇಳಿಸಿದೆ. ಮೂರನೇ ಹೀಟಿಗೆ 8, ಎರಡನೆಯದಕ್ಕೆ 7, ಮೊದಲನೆಯದಕ್ಕೆ 3 ಜನ. ಟೈಮ್ ಇಲ್ಲದ ಮೂವರೂ ಒಟ್ಟಿಗೆ ಮೊದಲನೇ ಹೀಟಿನಲ್ಲಿ ಉಳಿದರು. ಲೆಕ್ಕ ಚೊಕ್ಕಟವಾಗಿ ಕೂತಿತು.

ಈಗ ಲೇನ್. 8 ಲೇನಿನ ಕೊಳದಲ್ಲಿ ಹೀಟಿನ ಎಲ್ಲರಿಗಿಂತ ವೇಗದವಳಿಗೆ 4. ಎರಡನೆಯವಳು ಅವಳ ಎಡಕ್ಕೆ, ಅಂದರೆ 5. ಮೂರನೆಯವಳು ಬಲಕ್ಕೆ, 3. ಆಮೇಲೆ 6, 2, 7, 1, 8. ಸ್ಟಾರ್ಟಿಂಗ್ ಬ್ಲಾಕ್ ಹಿಂದೆ ನಿಂತು ನೀರಿನ ಕಡೆ ಮುಖ ಮಾಡಿದರೆ ಲೇನ್ 1 ಬಲಗೈ ಕಡೆ ಬರುತ್ತದೆ. ನಮಗೆಲ್ಲ ಎಡದಿಂದ ಎಣಿಸಿ ರೂಢಿ. ಶನಿವಾರ ಬೆಳಿಗ್ಗೆ ಟೈಮ್‌ಕೀಪರ್‌ಗಳ ಕುರ್ಚಿಗೆ ನಂಬರ್ ಚೀಟಿ ಅಂಟಿಸಿದ ಹುಡುಗ ಎಡದಿಂದಲೇ ಶುರು ಮಾಡಿದ್ದ. ವಾರ್ಮ್ ಅಪ್ ನಡೆಯುವಾಗ ರೆಫರಿ ಸರ್ ನೋಡಿದ್ದರಿಂದ ಆಯಿತು. ಇಲ್ಲದಿದ್ದರೆ 3ನೇ ಲೇನಿನ ಹುಡುಗಿಯ ಟೈಮ್ 6ನೇ ಲೇನಿನವಳ ಹೆಸರಿಗೆ ಹೋಗುತ್ತಿತ್ತು.

ಹೀಗೆ ಹಾಕಿದ ಮೇಲೆ ಹೀಟನ್ನು ಮೇಲಿನಿಂದ ನೋಡಿದರೆ ಬಾಣದ ತುದಿಯ ಹಾಗೆ ಕಾಣುತ್ತದೆ. ನಡುವಿನವರು ಮುಂದೆ, ಅಂಚಿನವರು ಹಿಂದೆ. ಇದರಿಂದ ಜೋರು ಹುಡುಗಿಯರು ಪಕ್ಕಪಕ್ಕ ಬಂದು, ಉಸಿರು ತೆಗೆಯಲು ತಲೆ ತಿರುಗಿಸಿದಾಗ ಒಬ್ಬರಿಗೊಬ್ಬರು ಕಾಣುತ್ತಾರೆ. ಗೋಡೆಯ ಪಕ್ಕದ ಲೇನಿನಲ್ಲಿ ಅಲೆ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಅದು ಅಂಚಿನವರಿಗೇ ಸಿಗುತ್ತದೆ. ಅದಕ್ಕಾಗಿಯೇ 1 ಮತ್ತು 8 ಅಂದರೆ ತಂದೆ ತಾಯಿಯರ ಮುಖ ಸಣ್ಣದಾಗುವುದು.

ಟೈಮ್ ಇಲ್ಲದ ಮೂವರ ನಡುವೆ ಯಾರಿಗೆ ಯಾವ ಲೇನ್? ಅದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಎಂಟ್ರಿ ಫಾರಂ ಬಂದ ಕ್ರಮವೂ ಅಲ್ಲ, ಹೆಸರಿನ ಅಕ್ಷರ ಕ್ರಮವೂ ಅಲ್ಲ. ಸರ್ ಎದುರಿಗೇ ಮೂರು ಚೀಟಿ ಮಡಿಸಿ ಎತ್ತಿದೆವು. 4, 5, 3.

ಮುಗಿಯಿತು ಅಂದುಕೊಂಡೆ. ಸರ್ ಮಾತ್ರ ಪಟ್ಟಿಯಲ್ಲಿ ಒಂದೇ ಕಡೆ ಕಣ್ಣಿಟ್ಟಿದ್ದರು. ಎಂಟನೆಯವಳು ಮತ್ತು ಒಂಬತ್ತನೆಯವಳ ನಡುವಿನ ಗೆರೆಯ ಮೇಲೆ.

ಸುತ್ತು ಹಂಚಿಕೆಯಲ್ಲಿ ಆ ಗೆರೆಗೆ ಏನೂ ಬೆಲೆ ಇಲ್ಲ. ಒಂದು ಜಾಗ ಆಚೀಚೆ ಆದರೂ ಹೀಟ್‌ಗಳು ಸಮನಾಗಿಯೇ ಇರುತ್ತವೆ. ಆದರೆ ಹೀಗೆ ನೇರವಾಗಿ ಕತ್ತರಿಸಿದಾಗ ಆ ಗೆರೆಯೇ ಎಲ್ಲ. ಗೆರೆಯ ಮೇಲಿದ್ದರೆ ಜಿಲ್ಲೆಯ ಜೋರು ಹುಡುಗಿಯರ ಜೊತೆ, ಕೆಳಗಿದ್ದರೆ ಬೇರೆ ಹೀಟ್. ನಮ್ಮ ಪಟ್ಟಿಯಲ್ಲಿ ಎಂಟನೆಯವಳ ಟೈಮ್ 1:13.00. ಒಂಬತ್ತನೆಯವಳದು 1:13.40. ಹತ್ತನೆಯವಳದು 1:14.60.

"ಈ 1:13.00 ಎಲ್ಲಿಂದ ಬಂತು?" ಅಂತ ಕೇಳಿದರು.

ಫಾರಂ ತೆಗೆದು ನೋಡಿದೆ. ಆ ಶಾಲೆ ಈ ಸ್ಪರ್ಧೆಗೆ ಇಬ್ಬರನ್ನು ಕಳಿಸಿತ್ತು. 1:07.55 ಮತ್ತು 1:13.00. ಮೂರನೆಯವಳೂ ಎಂಟನೆಯವಳೂ ಒಂದೇ ಶಾಲೆ. ಟೈಮ್ ತೆಗೆದದ್ದು ಶಾಲೆಯ ಸ್ವಂತ ಕೊಳದಲ್ಲಿ. ಆ ಕೊಳ 25 ಮೀಟರ್.

25 ಮೀಟರ್ ಕೊಳದಲ್ಲಿ 100 ಮೀಟರ್ ಈಜಲು ಮೂರು ಸಲ ತಿರುಗಬೇಕು. 50 ಮೀಟರ್ ಕೊಳದಲ್ಲಿ ಒಂದೇ ಸಲ. ಪ್ರತಿ ಸಲ ತಿರುಗಿದಾಗ ಕಾಲಿನಿಂದ ಗೋಡೆಯನ್ನು ಒದ್ದು ಮುಂದೆ ಹೋಗುತ್ತಾರೆ. ಆ ಒದೆತದ ವೇಗ ಈಜುವ ವೇಗಕ್ಕಿಂತ ಜಾಸ್ತಿ. ಹಾಗಾಗಿ ಚಿಕ್ಕ ಕೊಳದ ಟೈಮ್ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ. ನನಗೆ ಇದು ಮಗಳ ಟೈಮ್‌ಗಳಿಂದಲೇ ಗೊತ್ತಿತ್ತು. ಆದರೂ ಪಟ್ಟಿ ಮಾಡುವಾಗ ಹೊಳೆಯಲಿಲ್ಲ. ನಾನು ತಯಾರಿಸಿದ ಫಾರಂನಲ್ಲಿ ಕೊಳದ ಉದ್ದ ಕೇಳುವ ಕಾಲಂ ಇತ್ತು. ಪಟ್ಟಿ ಜೋಡಿಸುವಾಗ ಆ ಕಾಲಂ ನೋಡಿರಲೇ ಇಲ್ಲ.

"ಎರಡು ಸೆಕೆಂಡು ಸೇರಿಸಿಬಿಡೋಣವಾ ಸರ್?" ಅಂತ ಕೇಳಿದೆ.

"ಬೇಡ. ಚೆನ್ನಾಗಿ ತಿರುಗುವವಳಿಗೆ ಚಿಕ್ಕ ಕೊಳದಲ್ಲಿ ಲಾಭ ಜಾಸ್ತಿ. ತಿರುಗಲು ಇನ್ನೂ ಕಲಿಯುತ್ತಿರುವ ಹುಡುಗಿಗೆ ಲಾಭವೇ ಇಲ್ಲದಿರಬಹುದು. ಎಲ್ಲರಿಗೂ ಒಂದೇ ಲೆಕ್ಕ ಹಾಕಿದರೆ ಯಾರಿಗೋ ಒಬ್ಬರಿಗೆ ಅನ್ಯಾಯ. ಮೊದಲು ಅವರ ಕೋಚ್‌ಗೆ ಫೋನ್ ಮಾಡಿ ಕೇಳಿ. ದೊಡ್ಡ ಕೊಳದ ಟೈಮ್ ಇದೆಯಾ ಅಂತ."

ರಾತ್ರಿ ಒಂಬತ್ತಾಗಿತ್ತು. ಫೋನ್ ಮಾಡಿದೆ. ಕೋಚ್ ಒಳ್ಳೆಯವರು, ಬೇಜಾರು ಮಾಡಿಕೊಳ್ಳಲಿಲ್ಲ. "ಹೋದ ತಿಂಗಳು 50 ಮೀಟರಲ್ಲಿ ಇಬ್ಬರನ್ನೂ ಈಜಿಸಿದ್ದೆ ಮೇಡಂ, ಒಂದು ನಿಮಿಷ" ಅಂತ ಪುಸ್ತಕ ತೆಗೆದು ಹೇಳಿದರು. ಮೊದಲನೆಯವಳು 1:09.10. ಎರಡನೆಯವಳು 1:15.20. ನೋಡಿ, ಇಬ್ಬರಿಗೂ ವ್ಯತ್ಯಾಸ ಒಂದೇ ಅಲ್ಲ. ಒಬ್ಬಳಿಗೆ ಒಂದೂವರೆ ಸೆಕೆಂಡು, ಇನ್ನೊಬ್ಬಳಿಗೆ ಎರಡು ಸೆಕೆಂಡಿಗೂ ಮೇಲೆ. ಸರ್ ಹೇಳಿದ್ದು ಇದನ್ನೇ.

ಪಟ್ಟಿ ಬದಲಾಯಿತು. 1:09.10 ಹುಡುಗಿ ಮೂರರಿಂದ ನಾಲ್ಕಕ್ಕೆ ಇಳಿದಳು. ಹೀಟ್ ಬದಲಾಗಲಿಲ್ಲ, ಲೇನ್ 3ರಿಂದ 6ಕ್ಕೆ ಹೋಯಿತು. 1:15.20 ಹುಡುಗಿ ಎಂಟರಿಂದ ಹತ್ತಕ್ಕೆ ಇಳಿದು ಎರಡನೇ ಹೀಟಿಗೆ ಬಂದಳು, ಐದನೇ ಲೇನ್. ಅವಳ ಜಾಗಕ್ಕೆ 1:13.40 ಹುಡುಗಿ ಮೂರನೇ ಹೀಟಿಗೆ ಏರಿದಳು. ಎಂಟನೇ ಲೇನ್. ಕೊನೆಗೆ ಮೂರನೇ ಹೀಟ್ ಹೀಗೆ ನಿಂತಿತು: ಲೇನ್ 4ರಲ್ಲಿ 1:04.80, ಲೇನ್ 5ರಲ್ಲಿ 1:06.10, ಲೇನ್ 3ರಲ್ಲಿ 1:08.90, ಲೇನ್ 6ರಲ್ಲಿ 1:09.10. ಅಂಚಿನ ಕಡೆ ಹೋದಂತೆ 1:09.30, 1:10.75, 1:12.20, ಮತ್ತೆ ಲೇನ್ 8ರಲ್ಲಿ 1:13.40.

ಹನ್ನೊಂದು ಗಂಟೆಗೆ ಪ್ರಿಂಟ್ ತೆಗೆದು ಮಲಗಿದೆ.

ಶನಿವಾರ ಬೆಳಿಗ್ಗೆ ಮೋಡ ಕವಿದಿತ್ತು, ತುಂತುರು ಮಳೆ. ನೋಟಿಸ್ ಬೋರ್ಡಿಗೆ ಹೀಟ್ ಶೀಟ್ ಅಂಟಿಸಿದ ಹತ್ತು ನಿಮಿಷದಲ್ಲಿ ಮೊದಲ ತಂದೆ ಬಂದರು. 1:13.40 ಹುಡುಗಿಯ ಅಪ್ಪ. ಅವರಿಗೆ ಕೋಪ ಬಂದಿತ್ತು, ಆದರೆ ಮಾತು ಮರ್ಯಾದೆಯಾಗಿಯೇ ಇತ್ತು.

"ಮೇಡಂ, ಎರಡನೇ ಹೀಟಿನಲ್ಲಿ ಹಾಕಿದ್ದರೆ ನನ್ನ ಮಗಳಿಗೆ ನಾಲ್ಕನೇ ಲೇನ್ ಸಿಗುತ್ತಿತ್ತು. ಇಲ್ಲಿ ಎಂಟನೇ ಲೇನ್, ಗೋಡೆ ಪಕ್ಕ ಹಾಕಿದ್ದೀರಿ. ಇದು ಯಾವ ನ್ಯಾಯ?"

ಅವರು ಹೇಳಿದ್ದರಲ್ಲಿ ಅರ್ಧ ನಿಜ. ಎರಡನೇ ಹೀಟಿನಲ್ಲಿ ಅವಳೇ ಎಲ್ಲರಿಗಿಂತ ವೇಗದವಳಾಗುತ್ತಿದ್ದಳು. ನಡುವಿನ ಲೇನೇ ಸಿಗುತ್ತಿತ್ತು. ಆದರೆ ಆ ಹೀಟಿನಲ್ಲಿ ಅವಳ ಮುಂದೆ ಯಾರೂ ಇರುತ್ತಿರಲಿಲ್ಲ. ನಾನು ಹಾಗೆಯೇ ವಿವರಿಸಿದೆ. ರೆಫರಿ ಸರ್ ಪಕ್ಕದಲ್ಲೇ ಇದ್ದರು. ಅವರು ಹೇಳಿದ್ದು ಇನ್ನೊಂದು. "ಸ್ವಾಮಿ, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟುನೀಶಿಯಾದ ಹಫ್ನಾವಿ ಅಂತ ಒಬ್ಬ 18 ವರ್ಷದ ಹುಡುಗ. 400 ಮೀಟರ್ ಫ್ರೀಸ್ಟೈಲ್ ಫೈನಲ್‌ಗೆ ಎಂಟನೆಯವನಾಗಿ ಬಂದ. ಎಂಟನೇ ಲೇನ್ ಸಿಕ್ಕಿತು. ಚಿನ್ನ ಗೆದ್ದ." ಆ ತಂದೆ ಏನೂ ಹೇಳದೆ ಸ್ವಲ್ಪ ಹೊತ್ತು ಬೋರ್ಡ್ ನೋಡಿ, ಮಗಳ ಹತ್ತಿರ ಹೋದರು. ಅವಳು ಆವತ್ತು 1:12.60 ಈಜಿದಳು. ತನ್ನ ಟೈಮ್‌ಗಿಂತ ಮುಕ್ಕಾಲು ಸೆಕೆಂಡಿಗೂ ಜಾಸ್ತಿ ಕಡಿಮೆ. ಅದನ್ನು ನಾನು ಹುಡುಕಿ ನೋಡಿದೆ, ಯಾಕೆಂದರೆ ಆ ಲೇನಿಗೆ ಅವಳನ್ನು ಹಾಕಿದವಳು ನಾನು.

ಮಾರ್ಷಲಿಂಗ್ ಟೇಬಲ್‌ನಲ್ಲಿ ಇನ್ನೊಂದು ಸಮಸ್ಯೆ. ಮೊದಲನೇ ಹೀಟಿನ ಮೂವರಲ್ಲಿ ನಾಲ್ಕನೇ ಲೇನಿನವಳು ಬಂದಿರಲಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಅವರ ಮೇಷ್ಟ್ರು ಹೇಳಿದರು. ಹೆಸರು ಮೂರು ಸಲ ಕರೆದೆವು. ಬರಲಿಲ್ಲ. ಉಳಿದವರು 5 ಮತ್ತು 3ನೇ ಲೇನಿನ ಇಬ್ಬರೇ, ನಡುವೆ ಖಾಲಿ. ಒಬ್ಬರು ಮೇಷ್ಟ್ರು, "ಆ ಇಬ್ಬರನ್ನು ಪಕ್ಕಪಕ್ಕ ತನ್ನಿ" ಅಂದರು. ಇನ್ನೊಬ್ಬರು, "ಎರಡನೇ ಹೀಟಿನಲ್ಲಿ ಒಂದು ಲೇನ್ ಖಾಲಿ ಇದೆಯಲ್ಲ, ಒಬ್ಬಳನ್ನು ಅಲ್ಲಿಗೆ ಕಳಿಸಿ" ಅಂದರು. ಸರ್ ಎರಡನ್ನೂ ಒಪ್ಪಲಿಲ್ಲ. ಒಂದು ಸಲ ಅಂಟಿಸಿದ ಮೇಲೆ ಲೇನ್ ಖಾಲಿಯಾದರೆ ಖಾಲಿಯೇ. ಟೈಮ್‌ಕೀಪರ್‌ಗಳ ಕೈಯಲ್ಲಿ ಆಗಲೇ ಲೇನ್ ಕಾರ್ಡ್‌ಗಳಿದ್ದವು. ಒಬ್ಬಳನ್ನು ಸರಿಸಿದರೆ ಮೂರು ಕಡೆ ಹೆಸರು ತಿದ್ದಬೇಕು. ಅಲ್ಲೇ ತಪ್ಪಾಗುವುದು.

ಮೊದಲನೇ ಹೀಟ್ ಶುರುವಾಯಿತು. ಇಬ್ಬರು ಹುಡುಗಿಯರು. ಐದನೇ ಲೇನಿನವಳು ಹೆದರಿಕೊಂಡು ಈಜಿದಳು. ಮೂರನೇ ಲೇನಿನವಳು ನೀರಿಗೆ ಬಿದ್ದ ಮೇಲೆ ನಾಲ್ಕೇ ಕೈ ಬೀಸಿದ್ದನ್ನು ನೋಡಿ ನನ್ನ ಪಕ್ಕದಲ್ಲಿದ್ದ ಸರ್ ಕುರ್ಚಿಯಿಂದ ಎದ್ದು ನಿಂತರು. ಅವಳು ಒಬ್ಬಳೇ, ಮುಂದೆ ಯಾರೂ ಇಲ್ಲ, ಪಕ್ಕದಲ್ಲಿ ಯಾರೂ ಇಲ್ಲ. ಆ ಕಡೆ ಗೋಡೆ ತಿರುಗಿ ವಾಪಸ್ ಬರುವಾಗ ಇನ್ನೊಬ್ಬಳು ಇನ್ನೂ ಆ ಕಡೆಗೇ ಹೋಗುತ್ತಿದ್ದಳು. ವಾಚ್ 1:08.40 ತೋರಿಸಿತು.

ಆಮೇಲೆ ಗೊತ್ತಾಯಿತು. ಅವಳು ಅದೇ ವರ್ಷ ಮಂಗಳೂರಿನಿಂದ ಬಂದು ಇಲ್ಲಿನ ಶಾಲೆಗೆ ಸೇರಿದ್ದಳು. ಅಲ್ಲಿ ನಾಲ್ಕು ವರ್ಷ ಅಭ್ಯಾಸ ಮಾಡಿದ್ದಳು. ಹೊಸ ಶಾಲೆಯಲ್ಲಿ ಅವಳ ಟೈಮ್ ಯಾರಿಗೂ ಗೊತ್ತಿರಲಿಲ್ಲ. ಫಾರಂ ತುಂಬಿದವರು ಆ ಮನೆಯನ್ನು ಖಾಲಿ ಬಿಟ್ಟಿದ್ದರು. ನಾನು ಅದಕ್ಕೆ 999 ಹಾಕಿದ್ದೆ.

ಎರಡನೇ ಹೀಟ್ ಮುಗಿದು ಮೂರನೆಯದು. 1:04.80 ಹುಡುಗಿ 1:05.12ರಲ್ಲಿ ಗೆದ್ದಳು. ಎರಡನೆಯವಳು 1:06.38. ಮೂರನೆಯವಳು, ಮೂರನೇ ಲೇನಿನ ಹುಡುಗಿ, ಕೊನೆಯ ಹದಿನೈದು ಮೀಟರ್‌ನಲ್ಲಿ ಆರನೇ ಲೇನಿನವಳನ್ನು ಹಿಂದೆ ಹಾಕಿ 1:08.71ಕ್ಕೆ ಗೋಡೆ ಮುಟ್ಟಿದಳು. ತಲೆ ಎತ್ತಿ ಅಮ್ಮನ ಕಡೆ ಮೂರು ಬೆರಳು ತೋರಿಸಿದಳು. ಅಮ್ಮ ಚಪ್ಪಾಳೆ ತಟ್ಟಿದರು. ಮೈಕ್ ಹಿಡಿದ ಹುಡುಗನೂ ಉತ್ಸಾಹದಲ್ಲಿ, "ಮೂರನೇ ಸ್ಥಾನ ಲೇನ್ ಮೂರು" ಅಂತ ಕೂಗಿಬಿಟ್ಟ.

ಅದು ಆ ಹೀಟಿನ ಮೂರನೇ ಸ್ಥಾನ. ಕಂಚು 1:08.40ಕ್ಕೆ, ಮೊದಲನೇ ಹೀಟಿನ ಹುಡುಗಿಗೆ.

ಹುಡುಗಿಗೆ ತಿಳಿಸಲು ಸರ್ ಹೋದರು, ನಾನೂ ಜೊತೆಗೆ ಹೋದೆ. ಅವಳು ಟವಲ್ ಸುತ್ತಿಕೊಂಡು ನಿಂತಿದ್ದಳು. ಕೇಳಿ ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, "ಆಂಟಿ, ಅವಳು ನನ್ನ ಪಕ್ಕದಲ್ಲಿ ಇದ್ದಿದ್ದರೆ ನಾನು ಇನ್ನೂ ಜೋರಾಗಿ ಈಜುತ್ತಿದ್ದೆ" ಅಂದಳು. ಅಳಲು ಶುರು ಮಾಡಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. 0.31 ಸೆಕೆಂಡು. ಆ ಎರಡು ಹೀಟ್‌ಗಳಲ್ಲಿ ಮೂರನೇ ಲೇನಿನಲ್ಲಿ ವಾಚ್ ಹಿಡಿದವರೂ ಅವರೇ, ಟೈಮ್ ತೆಗೆದ ಕ್ರಮವೂ ಒಂದೇ. ಫಲಿತಾಂಶದಲ್ಲಿ ತಪ್ಪಿಲ್ಲ. ಇಬ್ಬರೂ ಒಂದೇ ಹೀಟಿನಲ್ಲಿ ಇದ್ದಿದ್ದರೆ ಯಾರು ಮುಂದೆ ಬರುತ್ತಿದ್ದರು ಅಂತ ಯಾರೂ ಹೇಳಲಾರರು. ಮಂಗಳೂರಿನ ಹುಡುಗಿಯೂ ಪಕ್ಕದಲ್ಲಿ ಯಾರಾದರೂ ಇದ್ದಿದ್ದರೆ ಇನ್ನೂ ಬೇಗ ಬರುತ್ತಿದ್ದಳೋ ಏನೋ.

ಮಧ್ಯಾಹ್ನ ಊಟದ ಹೊತ್ತಿಗೆ ಸರ್ ಹತ್ತಿರ ಕೂತು ಕೇಳಿದೆ. ನಿಯಮದಲ್ಲಿ ಇದಕ್ಕೆ ಏನೂ ದಾರಿ ಇಲ್ಲವಾ? "ನಿಯಮ ಸರಿಯಾಗಿದೆ. ಟೈಮ್ ಕೊಡದವರು ಕೊನೆಗೆ, ಅಷ್ಟೇ. ಆದರೆ ಟೈಮ್ ಯಾಕೆ ಖಾಲಿ ಇದೆ ಅಂತ ಕೇಳುವುದನ್ನು ಯಾವ ನಿಯಮವೂ ತಡೆಯುವುದಿಲ್ಲ" ಅಂದರು. ಈಜಲು ಈಗಷ್ಟೇ ಕಲಿತವಳೂ ಖಾಲಿ, ನಾಲ್ಕು ವರ್ಷ ಅಭ್ಯಾಸ ಮಾಡಿದವಳೂ ಖಾಲಿ. ಕಾಗದದ ಮೇಲೆ ಇಬ್ಬರೂ ಒಂದೇ. ಹಿಂದಿನ ರಾತ್ರಿ 25 ಮೀಟರ್ ಕೊಳದ ಬಗ್ಗೆ ಫೋನ್ ಮಾಡಿದ್ದೆ. ಈ ಮೂರು ಖಾಲಿ ಮನೆಗಳ ಬಗ್ಗೆ ಮಾಡಿರಲಿಲ್ಲ. ಮಾಡಿದ್ದರೆ ಅವಳು 1:08.90 ಹುಡುಗಿಯ ಹೀಟಿನಲ್ಲೇ ಇರುತ್ತಿದ್ದಳು. 1:13.40 ಹುಡುಗಿ ಎರಡನೇ ಹೀಟಿಗೆ, ನಾಲ್ಕನೇ ಲೇನಿಗೆ ಇಳಿಯುತ್ತಿದ್ದಳು. ಅವಳ ಅಪ್ಪನಿಗೆ ಆಗ ಸಮಾಧಾನವಾಗುತ್ತಿತ್ತೋ ಏನೋ ಗೊತ್ತಿಲ್ಲ.

ಮುಂದಿನ ಸಲ ಫಾರಂ ನಾನೇ ಬದಲಿಸಿದೆ. ನಿಮಿಷಕ್ಕೆ ಒಂದು ಮನೆ, ಸೆಕೆಂಡಿಗೆ ಒಂದು ಮನೆ. ಕೊಳದ ಉದ್ದ 25 ಅಥವಾ 50, ಇದನ್ನು ಬರೆಯದಿದ್ದರೆ ಫಾರಂ ವಾಪಸ್. ಟೈಮ್ ಇಲ್ಲದಿದ್ದರೆ ಎಷ್ಟು ವರ್ಷದಿಂದ ಈಜುತ್ತಿದ್ದಾಳೆ, ಎಲ್ಲಿ ಅಭ್ಯಾಸ ಅಂತ ಒಂದು ಸಾಲು. ಮೈಕ್ ಹಿಡಿಯುವವರಿಗೂ ಹೇಳಿದೆವು, ಟೈಮ್ ಮೇಲೆ ಪದಕ ಕೊಡುವ ಸ್ಪರ್ಧೆಯಲ್ಲಿ ಎಲ್ಲ ಹೀಟ್‌ಗಳ ಟೈಮ್ ಟೇಬಲ್‌ಗೆ ಬರುವವರೆಗೂ ಯಾರ ಸ್ಥಾನವನ್ನೂ ಕೂಗಬಾರದು ಅಂತ.

ಆ ವರ್ಷ ಒಟ್ಟು ಹನ್ನೊಂದು ಮಕ್ಕಳ ಟೈಮ್ ಖಾಲಿ ಬಂತು. ಗುರುವಾರ ಸಂಜೆ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲೇ ಕೂತು ಹನ್ನೊಂದು ಫೋನ್ ಮಾಡಿದೆ. ಏಳು ಜನ ನಿಜವಾಗಿಯೂ ಮೊದಲ ಸಲ ಸ್ಪರ್ಧೆಗೆ ಬರುವವರು. ಮೂವರದು ಕೋಚ್ ಹತ್ತಿರ ಸಿಕ್ಕಿತು. ಒಬ್ಬಳ ಟೈಮ್ ಯಾರಿಗೂ ಗೊತ್ತಿರಲಿಲ್ಲ. ಅವಳ ಅಮ್ಮನೇ ಫೋನ್‌ನಲ್ಲಿ, "ನಾಳೆ ಬೆಳಿಗ್ಗೆ ಈಜಿಸಿ ಟೈಮ್ ತೆಗೆದು ಕಳಿಸ್ತೀನಿ ಮೇಡಂ, ಸಾಯಂಕಾಲದ ತನಕ ಪಟ್ಟಿ ಮುಚ್ಚಬೇಡಿ" ಅಂದರು. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಮೆಸೇಜ್ ಬಂತು. 50 ಮೀಟರ್ ಕೊಳ, 1:17.85.